ಕೈಗೆ ಬರೋದು 35,318: ಒಂದು ಆಫರ್ ಮೇಲ್ ಬರೆದ ಅನುಭವ

2024ರ ಜುಲೈ 8, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ನಾನು ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದೆ. ಹೊಸ ಕ್ವಾಲಿಟಿ ಇಂಜಿನಿಯರ್ ಅವತ್ತು ಕೆಲಸಕ್ಕೆ ಸೇರಬೇಕಿತ್ತು. ಐಡಿ ಕಾರ್ಡ್ ಪ್ರಿಂಟ್ ಆಗಿ ಬಂದಿತ್ತು. ಒಂಬತ್ತನೇ ನಂಬರಿನ ಸೇಫ್ಟಿ ಶೂ ತರಿಸಿ ಇಟ್ಟಿದ್ದೆವು. ಕ್ಯಾಂಟೀನಿಗೆ ಒಂದು ಊಟ ಜಾಸ್ತಿ ಹೇಳಿದ್ದೆ.

ಹತ್ತಾಯಿತು, ಹತ್ತೂವರೆ ಆಯಿತು, ಹುಡುಗ ಬರಲಿಲ್ಲ. ಫೋನ್ ಸ್ವಿಚ್ ಆಫ್. ಹನ್ನೊಂದೂವರೆಗೆ ಒಂದು ಮೆಸೇಜ್ ಬಂತು. 'ಸಾರಿ ಮೇಡಂ. ತಿಂಗಳಿಗೆ ನಲವತ್ತೈದು ಸಾವಿರ ಬರುತ್ತೆ ಅಂದ್ಕೊಂಡಿದ್ದೆ. ಗೊತ್ತಿರೋರೊಬ್ಬರು ಲೆಕ್ಕ ಹಾಕಿ ನೋಡಿ, ಮೂವತ್ತೈದರ ಆಸುಪಾಸು ಬರುತ್ತೆ ಅಂದ್ರು. ಇಲ್ಲೇ ಸ್ವಲ್ಪ ಜಾಸ್ತಿ ಮಾಡಿದ್ದಾರೆ. ಇಲ್ಲೇ ಇರ್ತೀನಿ.'

ಮೊದಲು ಸಿಟ್ಟು ಬಂತು. ಒಂದು ತಿಂಗಳು ಸುಮ್ಮನಿದ್ದು ಇವತ್ತು ಹೇಳ್ತಾನಲ್ಲ ಅಂತ. ಆಮೇಲೆ ಕಂಪ್ಯೂಟರ್ ಮುಂದೆ ಕೂತು, ನಾನು ಜೂನ್ 7ರಂದು ಅವನಿಗೆ ಕಳಿಸಿದ್ದ ಮೇಲ್ ತೆಗೆದು ಓದಿದೆ. ಒಟ್ಟು ಆರು ಸಾಲು. ನೀವು ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಆಯ್ಕೆಯಾಗಿದ್ದೀರಿ, ಅಭಿನಂದನೆಗಳು. ಸಂಬಳ ವರ್ಷಕ್ಕೆ 5.4 ಲಕ್ಷ ಸಿಟಿಸಿ. ಉಳಿದ ಸೌಲಭ್ಯಗಳು ಕಂಪನಿ ನಿಯಮದಂತೆ. ಆದಷ್ಟು ಬೇಗ ಕೆಲಸಕ್ಕೆ ಸೇರಿಕೊಳ್ಳಿ. ಬೇಗ ಉತ್ತರ ಕೊಡಿ. ಕೆಳಗೆ ನನ್ನ ಹೆಸರು.

ಇದಕ್ಕೆ ಅವನು ಬರೆದಿದ್ದು ಒಂದೇ ಸಾಲು: 'ಓಕೆ ಮೇಡಂ, ಥ್ಯಾಂಕ್ಯೂ.' ಅದನ್ನೇ ಒಪ್ಪಿಗೆ ಅಂತ ತಿಳಿದು, ಇಂಟರ್‌ವ್ಯೂನಲ್ಲಿ ಎರಡನೇ ಸ್ಥಾನದಲ್ಲಿದ್ದ ಇನ್ನೊಬ್ಬರಿಗೆ ಹುದ್ದೆ ತುಂಬಿದೆ ಅಂತ ಹೇಳಿಬಿಟ್ಟಿದ್ದೆ. ಮಧ್ಯಾಹ್ನ ಅವರಿಗೆ ಫೋನ್ ಮಾಡಿದೆ. ಹೋದ ವಾರವಷ್ಟೇ ಬೇರೆ ಕಡೆ ಸೇರಿಕೊಂಡಿದ್ದರು.

ನಮ್ಮದು ಅರವತ್ತು ಜನರ ಕಾರ್ಖಾನೆ. ಯಂತ್ರದ ಬಿಡಿಭಾಗ ಮಾಡುತ್ತೇವೆ. ನೇಮಕಾತಿ, ಹಾಜರಿ, ಪಿಎಫ್ ಎಲ್ಲ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಅಕ್ಟೋಬರ್ 21ಕ್ಕೆ ದೊಡ್ಡ ಗ್ರಾಹಕರೊಬ್ಬರು ಆಡಿಟ್‌ಗೆ ಬರುವವರಿದ್ದರು. ಅಷ್ಟರೊಳಗೆ ಕ್ವಾಲಿಟಿ ವಿಭಾಗದಲ್ಲಿ ಒಬ್ಬರು ಇರಲೇಬೇಕಿತ್ತು. ಮತ್ತೆ ಜಾಹೀರಾತು, ಮತ್ತೆ ಇಂಟರ್‌ವ್ಯೂ. ಮುಂದಿನ ವಾರ ತುಮಕೂರಿನಿಂದ ಒಬ್ಬ ಹುಡುಗಿ ಬಂದರು. ನಾಲ್ಕು ವರ್ಷದ ಅನುಭವ. ವರ್ನಿಯರ್ ಕೈಗೆ ಕೊಟ್ಟಾಗ ಮೊದಲು ಝೀರೋ ಸರಿಯಿದೆಯಾ ಅಂತ ನೋಡಿ, ಆಮೇಲೆ ಅಳತೆ ತೆಗೆದರು. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಅಲ್ಲೇ ನನ್ನ ಕಡೆ ನೋಡಿ ತಲೆ ಆಡಿಸಿದರು. ಇವರನ್ನ ಕಳ್ಕೋಬಾರದು ಅಂತ ನನಗೂ ಅನ್ನಿಸಿತು.

ಈ ಸಲ ಮೇಲ್ ಬರೆಯಲು ಎರಡು ದಿನ ತಗೊಂಡೆ.

ಮೊದಲು ಕೂತಿದ್ದು ಸಂಬಳದ ಲೆಕ್ಕಕ್ಕೆ. ಸಿಟಿಸಿ ಅಂದರೆ ಕಂಪನಿಗೆ ಆ ಒಬ್ಬ ವ್ಯಕ್ತಿಗಾಗಿ ವರ್ಷಕ್ಕೆ ಆಗುವ ಒಟ್ಟು ಖರ್ಚು. ಅದು ಆ ವ್ಯಕ್ತಿಯ ಕೈಗೆ ಬರುವ ದುಡ್ಡಲ್ಲ. ನಮಗೆ ಆಫೀಸಲ್ಲಿ ಕೂತವರಿಗೆ ಇದು ದಿನಾ ಬಾಯಲ್ಲಿ ಬರುವ ಮಾತು. ಆದರೆ 5.4 ಲಕ್ಷ ಅಂತ ಓದಿದವರು ಮೊದಲು ಮಾಡುವ ಕೆಲಸ ಅದನ್ನು ಹನ್ನೆರಡರಿಂದ ಭಾಗಿಸೋದು. 45,000 ಬರುತ್ತೆ. ಮನೆಯಲ್ಲಿ ಹೇಳುತ್ತಾರೆ. ಬಾಡಿಗೆ, ಲೋನ್ ಕಂತು, ತಮ್ಮನ ಫೀಸು ಎಲ್ಲ ಆ ನಲವತ್ತೈದರ ಮೇಲೆ ನಿಲ್ಲುತ್ತೆ.

ಅಕೌಂಟ್ಸ್ ಮೇಡಂ ಜೊತೆ ಕೂತು ಒಂದು ಹಾಳೆಯ ಮೇಲೆ ಬಿಡಿಸಿ ಬರೆದೆ. ತಿಂಗಳ 45,000ದಲ್ಲಿ ಬೇಸಿಕ್ 22,500, ಅಂದರೆ ಸರಿಯಾಗಿ ಅರ್ಧ. ಮನೆ ಬಾಡಿಗೆ ಭತ್ಯೆ ಬೇಸಿಕ್‌ನ ಶೇಕಡಾ 40, ಅದು 9,000. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇಕಡಾ 12, ಅದು 2,700. ಗ್ರಾಚ್ಯುಟಿಗೆ ಅಂತ ಎತ್ತಿಡೋದು 1,082. ಗುಂಪು ಆರೋಗ್ಯ ವಿಮೆಯ ಕಂತು 750. ವರ್ಷದ ಕೊನೆಯಲ್ಲಿ ಕೆಲಸ ನೋಡಿ ಕೊಡುವ 27,000 ರೂಪಾಯಿಯನ್ನು ತಿಂಗಳಿಗೆ ಹಂಚಿದರೆ 2,250. ಉಳಿದ 6,718 ವಿಶೇಷ ಭತ್ಯೆ.

ಇದರಲ್ಲಿ ಪ್ರತಿ ತಿಂಗಳು ಸ್ಯಾಲರಿ ಸ್ಲಿಪ್ಪಿನಲ್ಲಿ ಗಳಿಕೆ ಅಂತ ಕಾಣಿಸೋದು ಬೇಸಿಕ್, ಬಾಡಿಗೆ ಭತ್ಯೆ, ವಿಶೇಷ ಭತ್ಯೆ, ಈ ಮೂರೇ. ಕೂಡಿದರೆ 38,218. ಅದರಿಂದ ನೌಕರರ ಪಾಲಿನ ಪಿಎಫ್ 2,700 ಹೋಗುತ್ತೆ. ಕರ್ನಾಟಕದ ಪ್ರೊಫೆಷನಲ್ ಟ್ಯಾಕ್ಸ್ ಆಗ ತಿಂಗಳಿಗೆ 200, ಅದೂ ಹೋಗುತ್ತಿತ್ತು. ಈ ಸಂಬಳಕ್ಕೆ ಆ ವರ್ಷ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬರುತ್ತಿರಲಿಲ್ಲ. ಇಎಸ್‌ಐ ಕೂಡ ಇಲ್ಲ, ಯಾಕೆಂದರೆ ಆಗ ಅದರ ಸಂಬಳದ ಮಿತಿ ತಿಂಗಳಿಗೆ 21,000. ಹಾಗಾಗಿ ಬ್ಯಾಂಕ್ ಖಾತೆಗೆ ಬೀಳೋದು 35,318.

ನಲವತ್ತೈದಕ್ಕೂ ಇದಕ್ಕೂ 9,682 ರೂಪಾಯಿ ವ್ಯತ್ಯಾಸ. ಆ ಹುಡುಗನಿಗೆ ಕಂಡಿದ್ದು ಇದೇ. ನಾವು ಯಾರಿಗೂ ಮೋಸ ಮಾಡಿರಲಿಲ್ಲ. ಆದರೆ ಆ ಹಾಳೆ ನೋಡಿದಾಗ, ಇದನ್ನು ಮೊದಲೇ ಹೇಳದೆ ಇದ್ದಿದ್ದು ತಪ್ಪು ಅಂತ ನನಗೆ ಸ್ಪಷ್ಟವಾಯಿತು.

ಈ 9,682ರಲ್ಲಿ ಎಲ್ಲವೂ ಒಂದೇ ತರದ ದುಡ್ಡಲ್ಲ. ಪಿಎಫ್‌ನ ಎರಡೂ ಪಾಲು, ಒಟ್ಟು 5,400, ನೌಕರರ ಹೆಸರಲ್ಲೇ ಜಮಾ ಆಗೋದು. ಕಂಪನಿಯ 2,700ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತೆ, 1,450 ಪಿಎಫ್ ಖಾತೆಗೆ ಹೋಗುತ್ತೆ. ಇವತ್ತು ಕೈಗೆ ಸಿಗಲ್ಲ ಅಷ್ಟೇ, ದುಡ್ಡು ಅವರದೇ. ವಿಮೆ ಬೇರೆ. ಅದು ದುಡ್ಡಾಗಿ ಯಾವತ್ತೂ ಬರಲ್ಲ, ಆಸ್ಪತ್ರೆ ಖರ್ಚು ಬಂದಾಗ ಆಗಿಬರುತ್ತೆ. ವರ್ಷದ ಕೊನೆಯ 27,000ಕ್ಕೆ ಖಾತ್ರಿ ಇಲ್ಲ. ಕೆಲಸ ಚೆನ್ನಾಗಿದ್ದರೆ ಪೂರ್ತಿ, ಇಲ್ಲದಿದ್ದರೆ ಕಮ್ಮಿ.

ಗ್ರಾಚ್ಯುಟಿ ಬಗ್ಗೆ ನನಗೆ ಮೊದಲಿಂದಲೂ ತಕರಾರಿದೆ. ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. 22,500ನ್ನು 26ರಿಂದ ಭಾಗಿಸಿ ಹದಿನೈದರಿಂದ ಗುಣಿಸಿದರೆ ವರ್ಷಕ್ಕೆ 12,981 ಬರುತ್ತೆ. ತಿಂಗಳಿಗೆ ಹಂಚಿದರೆ ಆ 1,082. ಆದರೆ ಸಾಮಾನ್ಯವಾಗಿ ಐದು ವರ್ಷ ತುಂಬುವವರೆಗೆ ಅದು ಕೈಗೆ ಬರಲ್ಲ. ನಾಲ್ಕು ವರ್ಷಕ್ಕೆ ಬಿಟ್ಟು ಹೋದವರಿಗೆ ಆ ದುಡ್ಡು ಇಲ್ಲವೇ ಇಲ್ಲ. ಹಾಗಿರುವಾಗ ಅದನ್ನು ಈ ವರ್ಷದ ಸಂಬಳದಲ್ಲಿ ಸೇರಿಸಿ ದೊಡ್ಡ ಮೊತ್ತ ತೋರಿಸೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಮಾಲೀಕರ ಹತ್ತಿರ ಹೋಗಿ ಅದನ್ನು ಸಿಟಿಸಿಯಿಂದ ತೆಗೆಯೋಣ ಅಂದೆ.

'ಎಲ್ಲ ಕಡೆ ಸೇರಿಸ್ತಾರಮ್ಮ. ನಾವು ತೆಗೆದರೆ ನಮ್ಮ ಸಂಬಳ ಕಮ್ಮಿ ಅಂತ ಕಾಣ್ಸುತ್ತೆ, ಅಲ್ವಾ?' ಅಂದರು.

'ಹಾಗಾದ್ರೆ ಅದು ಯಾವಾಗ ಸಿಗುತ್ತೆ ಅಂತ ಪಕ್ಕದಲ್ಲೇ ಬರೀತೀನಿ ಸರ್. ಕೈಗೆ ಎಷ್ಟು ಬರುತ್ತೆ ಅಂತಾನೂ ಬರೀತೀನಿ.'

ಅವರಿಗೆ ಅದೂ ಇಷ್ಟ ಇರಲಿಲ್ಲ. 35 ಸಾವಿರ ಅಂತ ನೋಡಿದ ತಕ್ಷಣ ಬೇಡ ಅಂದುಬಿಟ್ಟರೆ ಅಂತ ಅವರ ಭಯ. ನಾನು ಜುಲೈ 8ರ ಐಡಿ ಕಾರ್ಡನ್ನು ಮೇಜಿನ ಮೇಲೆ ಇಟ್ಟೆ. ಇನ್ನೂ ನನ್ನ ಡ್ರಾಯರ್‌ನಲ್ಲೇ ಇತ್ತು. 'ಬೇಡ ಅನ್ನೋದಾದ್ರೆ ಈಗಲೇ ಅನ್ಲಿ ಸರ್. ಎರಡು ತಿಂಗಳು ಕಾದ ಮೇಲೆ ಬೇಡ.' ಅವರು ಕಾರ್ಡ್ ನೋಡಿದರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. 'ಸರಿ, ಬರಿ' ಅಂದರು.

ಮೇಲ್ ಕಳಿಸುವ ಮೊದಲು ಆ ಹುಡುಗಿಗೆ ಫೋನ್ ಮಾಡಿದೆ. ಈಗ ಎಷ್ಟು ಬರುತ್ತಿದೆ ಅಂತ ಇಂಟರ್‌ವ್ಯೂನಲ್ಲೇ ಹೇಳಿದ್ದರು, ಕೈಗೆ 31,000. ನಮ್ಮಲ್ಲಿ 35,318 ಆಗುತ್ತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. 'ಮೇಡಂ, ಪಿಎಫ್ ಹದಿನೈದು ಸಾವಿರದ ಮೇಲೆ ಮಾತ್ರ ಹಿಡಿಯೋಕೆ ಆಗಲ್ವಾ? ಇಲ್ಲಿ 1,800 ಅಷ್ಟೇ ಹಿಡೀತಾರೆ' ಅಂದರು. ಒಳ್ಳೆ ಪ್ರಶ್ನೆ. ಆಗ ಪಿಎಫ್ ಕಡ್ಡಾಯ ಇದ್ದಿದ್ದು ತಿಂಗಳಿಗೆ 15,000ದ ಮಿತಿಯವರೆಗೆ. ಅದರ ಶೇಕಡಾ 12 ಅಂದರೆ 1,800. ಕೆಲವು ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ, ಕೆಲವು ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತವೆ. ನಾವು ಮಿತಿಗೆ ನಿಲ್ಲಿಸಿದ್ದರೆ ಎರಡೂ ಪಾಲಿನಿಂದ 900, 900 ಉಳಿದು ಅವರ ಕೈಗೆ 37,118 ಬರುತ್ತಿತ್ತು. ಆದರೆ ನಮ್ಮಲ್ಲಿ ಎಲ್ಲರಿಗೂ ಪೂರ್ತಿ ಬೇಸಿಕ್ ಮೇಲೆಯೇ ಕಟ್ಟೋದು. ಒಬ್ಬರಿಗೆ ಬೇರೆ ನಿಯಮ ಮಾಡೋಕೆ ಆಗಲ್ಲ ಅಂದೆ. ಯೋಚನೆ ಮಾಡಿ, 'ಹಾಗಾದ್ರೆ ಅದು ಉಳಿತಾಯ ಅಂದ್ಕೊಳ್ತೀನಿ, ಮೇಲ್ ಕಳಿಸಿ' ಅಂದರು.

ಆ ಐದು ನಿಮಿಷದ ಮಾತು ಜೂನ್‌ನಲ್ಲಿ ಆ ಹುಡುಗನ ಜೊತೆ ಆಗಬೇಕಿತ್ತು.

ಜುಲೈ 22, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಲ್ ಹೋಯಿತು. ವಾರದ ಮೊದಲ ದಿನ ಅಂತ ಬೇಕೆಂದೇ ಆರಿಸಿಕೊಂಡೆ. ಜೂನ್‌ನ ಮೇಲ್ ಶುಕ್ರವಾರ ಸಂಜೆ ಆರಕ್ಕೆ ಕಳಿಸಿದ್ದೆ, ಏನಾದರೂ ಕೇಳಬೇಕು ಅಂದರೂ ಎರಡು ದಿನ ನಾನು ಆಫೀಸಲ್ಲಿ ಇರಲಿಲ್ಲ. ಬರೆದದ್ದು ಇಂಗ್ಲಿಷಲ್ಲಿ. ಅದರ ಮುಖ್ಯ ಭಾಗ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

'ವಿಷಯ: ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಆಫರ್. ಜುಲೈ 25, ಗುರುವಾರ ಸಂಜೆ 5ರೊಳಗೆ ಉತ್ತರ ಬೇಕು.

ನಿಮ್ಮನ್ನು ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಆಯ್ಕೆ ಮಾಡಿದ್ದೇವೆ. ಕೆಲಸದ ಜಾಗ ನಮ್ಮ ಪೀಣ್ಯ ಘಟಕ. ನೀವು ಪ್ರೊಡಕ್ಷನ್ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡುತ್ತೀರಿ. ಜನರಲ್ ಶಿಫ್ಟ್, ಬೆಳಿಗ್ಗೆ 9ರಿಂದ ಸಂಜೆ 5.30. ಭಾನುವಾರ ರಜೆ. ಮೊದಲ ಆರು ತಿಂಗಳು ಪ್ರೊಬೇಷನ್.

ಕಂಪನಿಗೆ ಆಗುವ ವಾರ್ಷಿಕ ವೆಚ್ಚ 5,40,000 ರೂಪಾಯಿ. ಇದರಲ್ಲಿ ಪ್ರತಿ ತಿಂಗಳು ನಿಮ್ಮ ಬ್ಯಾಂಕ್ ಖಾತೆಗೆ ಬರುವುದು ಸುಮಾರು 35,318 ರೂಪಾಯಿ. ಪೂರ್ತಿ ವಿವರ ಜೊತೆಗಿರುವ ಪುಟದಲ್ಲಿದೆ. ವರ್ಷದ ಕೊನೆಯ ಮೊತ್ತ 27,000 ಖಾತ್ರಿಯದಲ್ಲ. ಅದು ಏಪ್ರಿಲ್‌ನಲ್ಲಿ, ನಿಮ್ಮ ಕೆಲಸದ ಮೌಲ್ಯಮಾಪನ ಆದ ಮೇಲೆ ಸಿಗುತ್ತದೆ. ಮೊದಲ ವರ್ಷ ನೀವು ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಷ್ಟು ಮಾತ್ರ. ಗ್ರಾಚ್ಯುಟಿ ಐದು ವರ್ಷ ಸೇವೆ ತುಂಬಿದ ಮೇಲೆ ಸಿಗುತ್ತದೆ.

ಆರೋಗ್ಯ ವಿಮೆ 3 ಲಕ್ಷ ರೂಪಾಯಿ. ಇದು ನಿಮಗೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಅನ್ವಯಿಸುತ್ತದೆ. ತಂದೆ ತಾಯಿಯನ್ನು ಸೇರಿಸಬೇಕಿದ್ದರೆ ಕಂತು ನೀವು ಕಟ್ಟಬೇಕು. ಮಧ್ಯಾಹ್ನದ ಊಟ ಕಂಪನಿಯದು. ಜಾಲಹಳ್ಳಿ ಮೆಟ್ರೋ ನಿಲ್ದಾಣದಿಂದ ಕಾರ್ಖಾನೆಗೆ ನಮ್ಮ ವ್ಯಾನ್ ಇದೆ.

ಸೇರುವ ದಿನಾಂಕ ಸೆಪ್ಟೆಂಬರ್ 25, ಬುಧವಾರ. ನಿಮ್ಮ ದಾಖಲೆಗಳು ಸರಿಯಿವೆ ಅಂತ ನಾವು ಲಿಖಿತವಾಗಿ ತಿಳಿಸುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಒಪ್ಪಿಗೆಯಿದ್ದರೆ ಜೊತೆಗಿರುವ ಪತ್ರಕ್ಕೆ ಸಹಿ ಹಾಕಿ, ಸ್ಕ್ಯಾನ್ ಮಾಡಿ ಇದೇ ಮೇಲ್‌ಗೆ ಉತ್ತರವಾಗಿ ಕಳಿಸಿ. ಜುಲೈ 25, ಗುರುವಾರ ಸಂಜೆ 5ರೊಳಗೆ ಸಹಿ ಮಾಡಿದ ಪ್ರತಿ ಬರದಿದ್ದರೆ ಈ ಆಫರ್ ಅಲ್ಲಿಗೆ ಮುಗಿಯುತ್ತದೆ. ಇನ್ನಷ್ಟು ಸಮಯ ಬೇಕಿದ್ದರೆ ಅದಕ್ಕೆ ಮೊದಲೇ ತಿಳಿಸಿ.'

ಸಂಬಳದ ಪುಟ ಮಾತ್ರ ಇಂಗ್ಲಿಷ್ ಜೊತೆ ಕನ್ನಡದಲ್ಲೂ ಮಾಡಿದೆ. ನನ್ನ ಅನುಭವದಲ್ಲಿ ಆಫರ್ ಮೇಲ್ ಓದೋದು ಒಬ್ಬರೇ ಅಲ್ಲ. ಮನೆಯಲ್ಲಿ ಅಪ್ಪ ಓದುತ್ತಾರೆ, ಅಕ್ಕ ಓದುತ್ತಾಳೆ, ಬ್ಯಾಂಕಿನಲ್ಲಿರುವ ಚಿಕ್ಕಪ್ಪನಿಗೆ ವಾಟ್ಸಾಪ್‌ನಲ್ಲಿ ಹೋಗುತ್ತೆ. ಎಲ್ಲರೂ ಸೇರಿ ನಿರ್ಧಾರ ಮಾಡುತ್ತಾರೆ. ಆ ಪುಟ ಅವರಿಗೆಲ್ಲ ಅರ್ಥ ಆಗಬೇಕು.

ರಾಜೀನಾಮೆಯ ಸಾಲು ಹಾಕಿದ್ದಕ್ಕೆ ಕಾರಣ ಇದೆ. ಸುಮಾರು ಎಲ್ಲ ಆಫರ್‌ಗಳಲ್ಲೂ 'ದಾಖಲೆ ಪರಿಶೀಲನೆಗೆ ಒಳಪಟ್ಟು' ಅಂತ ಒಂದು ಷರತ್ತು ಇರುತ್ತೆ. ಆ ಷರತ್ತು ಇರುವವರೆಗೆ ಆಫರ್ ಗಟ್ಟಿಯಲ್ಲ. ಆದರೆ ಜನ ಮೇಲ್ ಬಂದ ದಿನವೇ ಖುಷಿಯಲ್ಲಿ ರಾಜೀನಾಮೆ ಕೊಡುತ್ತಾರೆ. ಆಮೇಲೆ ಹಳೆ ಕಂಪನಿಯ ರಿಲೀವಿಂಗ್ ಲೆಟರ್‌ನಲ್ಲಿ ಒಂದು ದಿನಾಂಕ ಹೊಂದಲಿಲ್ಲ ಅಂತ ಇಲ್ಲಿ ತಕರಾರು ಬಂದರೆ ಎರಡೂ ಕಡೆ ಇಲ್ಲ. ಅದಕ್ಕೆ ನಾನು ಅವರ ಸರ್ಟಿಫಿಕೇಟ್, ಕೊನೆಯ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಮೊದಲ ಕಂಪನಿಯ ರಿಲೀವಿಂಗ್ ಲೆಟರ್ ಎಲ್ಲ ಆ ವಾರವೇ ತರಿಸಿಕೊಂಡು ನೋಡಿ ಮುಗಿಸಿದೆ. ಎರಡು ದಿನದ ಕೆಲಸ ಅಷ್ಟೇ.

ಬುಧವಾರ, ಜುಲೈ 24ರ ರಾತ್ರಿ ಉತ್ತರ ಬಂತು. 'ಆಫರ್ ಒಪ್ಪಿಕೊಂಡಿದ್ದೇನೆ. ಆದರೆ ಸೇರುವ ದಿನಾಂಕ ಅಕ್ಟೋಬರ್ 2 ಆದ ಮೇಲೆ ಇಟ್ಟರೆ ಅನುಕೂಲ.' ಸಹಿ ಮಾಡಿದ ಪ್ರತಿಯೂ ಜೊತೆಗಿತ್ತು. ಅದರಲ್ಲಿ ಸೆಪ್ಟೆಂಬರ್ 25ನ್ನು ಗೀಚಿ, ಪಕ್ಕದಲ್ಲಿ ಪೆನ್ನಲ್ಲಿ ಅಕ್ಟೋಬರ್ 3 ಅಂತ ಬರೆದಿದ್ದರು.

ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ಆ ದಿನಾಂಕ ನಾನು ಸುಮ್ನೆ ಹಾಕಿರಲಿಲ್ಲ. ಅವರ ನೋಟಿಸ್ ಪೀರಿಯಡ್ 60 ದಿನ. ಜುಲೈ 26ಕ್ಕೆ ರಾಜೀನಾಮೆ ಕೊಟ್ಟರೆ ಅವತ್ತಿಂದ ಎಣಿಸಿ ಅರವತ್ತನೇ ದಿನ ಸೆಪ್ಟೆಂಬರ್ 23. ಒಂದು ದಿನ ಬಿಟ್ಟು 25.

'ಲೆಕ್ಕ ಸರಿಯಿದೆ ಮೇಡಂ' ಅಂದರು. 'ಆದ್ರೆ ಸೆಪ್ಟೆಂಬರ್ ಹದಿನೆಂಟರಿಂದ ಪಕ್ಷ. ಪಕ್ಷದಲ್ಲಿ ಹೊಸ ಕೆಲಸಕ್ಕೆ ಸೇರಬೇಡ ಅಂತ ಅಮ್ಮ ಹಟ ಹಿಡಿದಿದ್ದಾರೆ. ಅಕ್ಟೋಬರ್ ಎರಡಕ್ಕೆ ಮಹಾಲಯ ಅಮಾವಾಸ್ಯೆ. ಮೂರಕ್ಕೆ ನವರಾತ್ರಿ ಶುರು.'

ನಾನು ಕ್ಯಾಲೆಂಡರ್ ನೋಡಿಯೇ ಇರಲಿಲ್ಲ. ಎಣಿಸಿದ್ದು ದಿನಗಳನ್ನಷ್ಟೇ. ನಮ್ಮ ಮನೆಯಲ್ಲೂ ಪಕ್ಷದಲ್ಲಿ ಹೊಸ ಬಟ್ಟೆ ಕೂಡ ತರಲ್ಲ. ಆಷಾಢ, ಪಕ್ಷ ಇವನ್ನು ನೋಡದೆ ನಮ್ಮೂರ ಕಡೆಯವರಿಗೆ ಸೇರುವ ದಿನಾಂಕ ಹಾಕಿದರೆ, ಎಷ್ಟೋ ಸಲ ಬಾಯಿಬಿಟ್ಟು ಕಾರಣ ಹೇಳಲ್ಲ. 'ಹುಷಾರಿಲ್ಲ' ಅಂತ ಕೊನೆಯ ದಿನ ಮೆಸೇಜ್ ಬರುತ್ತೆ. ಇವರು ಮೊದಲೇ ಹೇಳಿದರಲ್ಲ ಅಂತ ನನಗೆ ಸಮಾಧಾನ ಆಯಿತು.

ಮಾಲೀಕರಿಗೆ ಆಡಿಟ್ ಚಿಂತೆ. ಅಕ್ಟೋಬರ್ 3ಕ್ಕೆ ಬಂದರೆ ಆಡಿಟ್‌ಗೆ ಉಳಿಯೋದು ಹದಿನೆಂಟು ದಿನ, ನಡುವೆ ಆಯುಧಪೂಜೆ, ವಿಜಯದಶಮಿ. ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಮಾತಾಡಿದೆ. ಮಾಪನ ಸಾಧನಗಳ ಕ್ಯಾಲಿಬ್ರೇಷನ್ ಕೆಲಸವನ್ನು ಸೆಪ್ಟೆಂಬರ್‌ನಲ್ಲೇ ಮುಗಿಸ್ತೀನಿ, ಆ ಹುಡುಗಿ ಬಂದು ದಾಖಲೆ ಜೋಡಿಸಿಕೊಳ್ಳಲಿ ಅಂತ ಅವರೇ ಒಪ್ಪಿಕೊಂಡರು. ಹೀಗೆ ದಿನಾಂಕ ಬದಲಾಯಿತು.

ಇನ್ನೊಂದು ತೊಡಕಿತ್ತು. ಅವರು ಗೀಚಿ ಕಳಿಸಿದ ಪ್ರತಿಯನ್ನೇ ಫೈಲಿಗೆ ಹಾಕಿದರೆ ಸಾಕಲ್ವಾ ಅಂತ ನಾನು ಅಂದುಕೊಂಡಿದ್ದೆ. ನನ್ನ ಅಣ್ಣ ವಕೀಲ. ಅವನನ್ನು ಕೇಳಿದಾಗ ಬೇಡವೇ ಬೇಡ ಅಂದ. 1872ರ ಭಾರತೀಯ ಕರಾರು ಕಾಯಿದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕಂತೆ. 'ಒಪ್ಪಿದೆ, ಆದರೆ ದಿನಾಂಕ ಬದಲಾಗಲಿ' ಅಂದರೆ ಅದು ಒಪ್ಪಿಗೆಯಲ್ಲ, ಅವರ ಕಡೆಯಿಂದ ಬಂದ ಹೊಸ ಪ್ರಸ್ತಾಪ. ನಾವು ಅದಕ್ಕೆ ಒಪ್ಪಿದ್ದೇವೆ ಅಂತ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ನಾಳೆ ಯಾರಾದರೂ ಒಬ್ಬರು 25 ಅಂತಲೋ 3 ಅಂತಲೋ ವಾದ ಮಾಡಿದರೆ ಎರಡಕ್ಕೂ ಕಾಗದ ಇರುತ್ತೆ. ಜೂನ್‌ನ 'ಓಕೆ ಮೇಡಂ, ಥ್ಯಾಂಕ್ಯೂ' ಬಗ್ಗೆಯೂ ಕೇಳಿದೆ. ಅಣ್ಣ ಕೇಳಿದ ಪ್ರಶ್ನೆ ಒಂದೇ: 'ಅವನು ಯಾವುದಕ್ಕೆ ಓಕೆ ಅಂದ? ನೀನು ದಿನಾಂಕವೇ ಬರೆದಿಲ್ಲವಲ್ಲ.' ಜುಲೈ 8 ಅನ್ನೋದು ಆಮೇಲೆ ಫೋನಲ್ಲಿ ಆದ ಮಾತಷ್ಟೇ.

ಹಾಗಾಗಿ ಜುಲೈ 25ರ ಮಧ್ಯಾಹ್ನ ಹೊಸ ಮೇಲ್ ಕಳಿಸಿದೆ. ಮೊದಲ ಸಾಲಿನಲ್ಲೇ 'ಜುಲೈ 22ರ ಆಫರ್ ಬದಲಿಗೆ ಇದು, ಅದು ಇನ್ನು ಚಾಲ್ತಿಯಲ್ಲಿಲ್ಲ' ಅಂತ ಬರೆದೆ. ಸೇರುವ ದಿನಾಂಕ ಅಕ್ಟೋಬರ್ 3, ಗುರುವಾರ, ಬೆಳಿಗ್ಗೆ 9. ಉತ್ತರಕ್ಕೆ ಜುಲೈ 26, ಶುಕ್ರವಾರ ಸಂಜೆ 5ರವರೆಗೆ ಸಮಯ. ಜೊತೆಗೆ ಒಂದು ಸಾಲು ಸೇರಿಸಿದೆ: ಹಳೆ ಕಂಪನಿಯಿಂದ ಬಿಡುಗಡೆ ತಡವಾಗುವಂತಿದ್ದರೆ ಸೆಪ್ಟೆಂಬರ್ 20ರೊಳಗೆ ತಿಳಿಸಿ. ಶುಕ್ರವಾರ ಬೆಳಿಗ್ಗೆ ಗೀಚು ಗೀಟು ಏನೂ ಇಲ್ಲದ, ಸಹಿ ಮಾಡಿದ ಪ್ರತಿ ಬಂತು. ಅವತ್ತೇ ಸಂಜೆ, ದಾಖಲೆ ಎಲ್ಲ ಸರಿಯಿದೆ, ಇನ್ನು ರಾಜೀನಾಮೆ ಕೊಡಬಹುದು ಅಂತ ಬರೆದೆ. 29ರ ಸೋಮವಾರ ಕೊಟ್ಟರು. ಅರವತ್ತು ದಿನ ಸೆಪ್ಟೆಂಬರ್ 26ಕ್ಕೆ ಮುಗಿಯುತ್ತಿತ್ತು.

ಉತ್ತರದ ಗಡುವಿನ ಬಗ್ಗೆ ಕೆಲವರು ನನ್ನನ್ನು ಕೇಳುತ್ತಾರೆ, ಅಷ್ಟು ಬಿಗಿ ಯಾಕೆ ಅಂತ. ನಾನು ಕೊಟ್ಟಿದ್ದು ಮೂರು ಪೂರ್ತಿ ಕೆಲಸದ ದಿನ. ಒಂದೇ ದಿನ ಕೊಟ್ಟರೆ ಕಮ್ಮಿ ಆಯಿತು, ಮನೆಯವರ ಜೊತೆ ಮಾತಾಡೋಕೂ ಆಗಲ್ಲ. ಎರಡು ವಾರ ಕೊಟ್ಟರೆ ಆ ಕಾಗದ ಹಿಡಿದು ಬೇರೆ ಕಡೆ ಜಾಸ್ತಿ ಕೇಳುತ್ತಾರೆ, ಅದು ಅವರ ಹಕ್ಕೇ. ಆದರೆ ಅಷ್ಟು ದಿನ ಎರಡನೇ ಸ್ಥಾನದವರನ್ನು ನಾನು ಏನೂ ಹೇಳದೆ ಕಾಯಿಸಬೇಕಾಗುತ್ತೆ. ಈ ಸಲ ಎರಡನೇ ಸ್ಥಾನದಲ್ಲಿ ನೆಲಮಂಗಲದ ಒಬ್ಬರಿದ್ದರು. ಸಹಿ ಮಾಡಿದ ಪ್ರತಿ ಕೈಗೆ ಬಂದ ಮೇಲಷ್ಟೇ ಅವರಿಗೆ ಫೋನ್ ಮಾಡಿ ಹೇಳಿದೆ. ಶುಕ್ರವಾರದೊಳಗೆ ಹೇಳ್ತೀನಿ ಅಂತ ಮೊದಲೇ ತಿಳಿಸಿದ್ದೆ, ಶುಕ್ರವಾರವೇ ಹೇಳಿದೆ.

ನಡುವಿನ ಎರಡು ತಿಂಗಳು ಸುಮ್ಮನೆ ಬಿಡಲಿಲ್ಲ. ಗಣೇಶ ಹಬ್ಬಕ್ಕೆ ಮೊದಲು ಒಮ್ಮೆ ಫೋನ್ ಮಾಡಿ ಶೂ ನಂಬರ್ ಕೇಳಿದೆ, ಆರು ಅಂದರು. ಸೆಪ್ಟೆಂಬರ್ 20ಕ್ಕೆ ಅವರೇ ಮೇಲ್ ಮಾಡಿದರು, ಬಿಡುಗಡೆ 26ಕ್ಕೇ ಆಗುತ್ತೆ ಅಂತ. ಹಳೆ ಕಂಪನಿಯವರು ಸಂಬಳ ಜಾಸ್ತಿ ಮಾಡ್ತೀವಿ ಅಂದಿದ್ದರಂತೆ, ಕೈಗೆ 34,000. ಅದನ್ನೂ ಅವರೇ ಹೇಳಿದರು. ನಮ್ಮ 35,318 ಮೊದಲೇ ಗೊತ್ತಿದ್ದರಿಂದ ಪಕ್ಕದಲ್ಲಿಟ್ಟು ನೋಡೋಕೆ ಸುಲಭವಾಯಿತು ಅಂದರು. ಬರೀ 5.4 ಲಕ್ಷ ಅಂತ ಬರೆದಿದ್ದರೆ ಆ ಹೋಲಿಕೆಯನ್ನು ಬೇರೆ ಯಾರೋ ಅವರಿಗೆ ಮಾಡಿಕೊಡುತ್ತಿದ್ದರು.

ಅಕ್ಟೋಬರ್ 3ರ ಗುರುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ವ್ಯಾನಿನಿಂದ ಇಳಿದರು. ಅಮ್ಮ ಕೊಟ್ಟು ಕಳಿಸಿದ್ದು ಅಂತ ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತಂದಿದ್ದರು. ಮೊದಲು ಸೆಕ್ಯುರಿಟಿಯವರಿಗೆ, ಆಮೇಲೆ ನನಗೆ.

ತಿಂಗಳ ಕೊನೆಯಲ್ಲಿ ನನಗೆ ಒಂದು ವಿಷಯ ನೆನಪಾಗಿ ಎದೆ ಧಸಕ್ ಅಂತು. ಮೊದಲ ತಿಂಗಳು ಪೂರ್ತಿ ಸಂಬಳ ಬರಲ್ಲ ಅಂತ ನಾನು ಎಲ್ಲೂ ಬರೆದಿರಲಿಲ್ಲ. ಅಕ್ಟೋಬರ್‌ನ 31 ದಿನದಲ್ಲಿ ಅವರ ಪಾಲಿಗೆ ಬರೋದು 29 ದಿನ. ಈಗ ಸ್ಲಿಪ್ ನೋಡಿ ಬೇಜಾರಾದರೆ ಅಂತ ಅವರ ಮೇಜಿನ ಹತ್ತಿರ ಹೋದೆ. ಆಡಿಟ್ ಮುಗಿದು, ಅದರ ಫೈಲುಗಳನ್ನು ಕಟ್ಟಿ ಇಡುತ್ತಿದ್ದರು. ನಾನು ಹೇಳೋಕೆ ಶುರು ಮಾಡಿದ್ದೆ ಅಷ್ಟೇ. ಆಫರ್ ಜೊತೆ ನಾನು ಕಳಿಸಿದ್ದ ಸಂಬಳದ ಪುಟವನ್ನು ಅವರು ತೆಗೆದರು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದ್ದರು. 38,218ರಲ್ಲಿ 29 ದಿನಕ್ಕೆ 35,752, ಪಿಎಫ್ 2,526, ಪ್ರೊಫೆಷನಲ್ ಟ್ಯಾಕ್ಸ್ 200.

'33,026 ಬರಬೇಕು ಅಲ್ವಾ ಮೇಡಂ?'

ನಾನು ವಾಪಸ್ ಬಂದು ಸ್ಲಿಪ್ ತೆಗೆದು ನೋಡಿದೆ. 33,026.

ಈಗ ನಾನು ಕಳಿಸುವ ಆಫರ್ ಮೇಲ್‌ನಲ್ಲಿ, ತಿಂಗಳ ನಡುವೆ ಸೇರುವವರಿಗೆ ಮೊದಲ ತಿಂಗಳ ಸಂಬಳ ಎಷ್ಟು ಅಂತಲೂ ಒಂದು ಸಾಲು ಇರುತ್ತೆ.